ಸ್ವಾಲ್ಫ್ ಇಳೀತು, ಟೈಮ್ ಏರ್ತು

1/7

ಫೋಟೋದಲ್ಲಿರೋದು ನನ್ನ ಈಜಿನ ನೋಟ್‌ಬುಕ್. ಒದ್ದೆ ಕೈಯಲ್ಲಿ ಬರೆದು ಬರೆದು ಶಾಯಿ ಹರಡಿದೆ, ಆದರೂ ಎರಡು ಸಾಲು ಓದೋಕಾಗುತ್ತೆ.

ಡಿಸೆಂಬರ್: 25 ಮೀಟರಿಗೆ 30 ಸೆಕೆಂಡ್, 24 ಸ್ಟ್ರೋಕ್. ಸ್ವಾಲ್ಫ್ 54.
ಮಾರ್ಚ್: 25 ಮೀಟರಿಗೆ 32 ಸೆಕೆಂಡ್, 19 ಸ್ಟ್ರೋಕ್. ಸ್ವಾಲ್ಫ್ 51.

ಮೂರು ತಿಂಗಳಲ್ಲಿ ಮೂರು ಅಂಕ ಕಮ್ಮಿ ಆಯ್ತು ಅಂತ ನಾನು ಮನೇಲಿ ಎಲ್ಲರಿಗೂ ಹೇಳ್ಕೊಂಡು ಬಂದೆ. ಅದೇ ವಾರ 400 ಮೀಟರ್ ಟೈಮ್ ತೆಗೆದೆ. ಡಿಸೆಂಬರಲ್ಲಿ 8 ನಿಮಿಷ 20 ಸೆಕೆಂಡ್ ಇತ್ತು. ಮಾರ್ಚಲ್ಲಿ 8 ನಿಮಿಷ 31 ಸೆಕೆಂಡ್. ಸ್ಕೋರ್ ಪ್ರಕಾರ ನಾನು ಚೆನ್ನಾಗಿ ಈಜೋಳು, ಗಡಿಯಾರದ ಪ್ರಕಾರ ಹನ್ನೊಂದು ಸೆಕೆಂಡ್ ಹಿಂದೆ ಬಿದ್ದೋಳು. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳ್ತಿರಬೇಕಲ್ಲ?

ಗೊತ್ತಿಲ್ಲದೋರಿಗೆ: ಸ್ವಾಲ್ಫ್ ಅಂದ್ರೆ ಸ್ವಿಮ್ಮಿಂಗ್ ಮತ್ತು ಗಾಲ್ಫ್ ಸೇರಿಸಿ ಮಾಡಿದ ಪದ. ಈ ಗೋಡೆಯಿಂದ ಆ ಗೋಡೆ ತನಕ ಒಂದು ಲೆಂಗ್ತ್. ಅದಕ್ಕೆ ಹಿಡಿದ ಸೆಕೆಂಡ್, ಅದರಲ್ಲಿ ಹಾಕಿದ ಸ್ಟ್ರೋಕ್, ಎರಡನ್ನೂ ಕೂಡಿಸಿದ್ರೆ ಬರೋ ಸಂಖ್ಯೆ. ಗಾಲ್ಫಲ್ಲಿ ಕಮ್ಮಿ ಹೊಡೆತಕ್ಕೆ ಚೆಂಡು ಗುಳಿಗೆ ಬಿದ್ದಷ್ಟೂ ಒಳ್ಳೇದು, ಇಲ್ಲೂ ಹಾಗೇ. ರನ್ ಜಾಸ್ತಿ ಆದ್ರೆ ಚಪ್ಪಾಳೆ ಹೊಡೆಯೋ ನಮ್ಮ ಕ್ರಿಕೆಟ್ ಬುದ್ಧಿಗೆ ಸ್ವಲ್ಪ ಉಲ್ಟಾ.

ಲೆಕ್ಕ ಒಂದನೇ ಕ್ಲಾಸಿನದ್ದು. ಅದನ್ನ ಹೇಗೆ ಓದ್ಬೇಕು ಅನ್ನೋದ್ರಲ್ಲೇ ನಾನು ಎಡವಿದ್ದು.

2/7

ಪಕ್ಕದ ಲೇನಿಗೆ ಒಬ್ಬರು ಅಂಕಲ್ ಬರ್ತಾರೆ. ಅರವತ್ತು ದಾಟಿದೆ, ನೋಡೋಕೆ ನಿಧಾನ, ಆದರೆ ನಿಲ್ಲೋದೇ ಇಲ್ಲ. ಮಾರ್ಚಲ್ಲಿ ಒಂದಿನ ಗೋಡೆ ಹಿಡ್ಕೊಂಡು ನನ್ನನ್ನೇ ನೋಡ್ತಿದ್ರು. "ಏನಮ್ಮಾ, ಈಜ್ತಿದ್ದೀಯೋ ಜಾರ್ತಿದ್ದೀಯೋ?"

ಅವತ್ತು ಸಿಟ್ಟು ಬಂತು. ಆಮೇಲೆ ನೋಟ್‌ಬುಕ್ ತೆಗೆದು ನೋಡಿದ್ರೆ ಅವರು ಹೇಳಿದ್ದೇ ಅಲ್ಲಿತ್ತು.

ಸ್ಟ್ರೋಕ್ ಕಮ್ಮಿ ಮಾಡೋಕೆ ಎಲ್ಲಕ್ಕಿಂತ ಸುಲಭದ ದಾರಿ ಅಂದ್ರೆ ಕೈ ಮುಂದೆ ಚಾಚಿ ಕಾಯೋದು. ಒಂದು ಕೈ ಮುಂದೆ ಮಲಗಿರುತ್ತೆ, ಇನ್ನೊಂದು ಕೈ ಬಂದು ಅದರ ಪಕ್ಕ ಸೇರೋ ತನಕ ದೇಹ ಸುಮ್ನೆ ತೇಲ್ತಾ ಹೋಗುತ್ತೆ. ನೋಡೋಕೆ ಬಹಳ ಚೆಂದ. 24 ಇದ್ದ ಸ್ಟ್ರೋಕ್ 19ಕ್ಕೆ ಇಳೀತು. ಐದು ಸ್ಟ್ರೋಕ್ ಉಳಿಸಿದೆ, ಎರಡು ಸೆಕೆಂಡ್ ಕಳ್ಕೊಂಡೆ. ಐದರಲ್ಲಿ ಎರಡು ಹೋದ್ರೆ ಮೂರು ಲಾಭ ಅಂತ ಸ್ಕೋರ್ ಹೇಳ್ತು. ಆದರೆ ಸ್ಟ್ರೋಕಿಗೂ ಸೆಕೆಂಡಿಗೂ ಒಂದೇ ಬೆಲೆ ಅಂತ ನಿರ್ಧಾರ ಮಾಡಿದ್ದು ಯಾರು? ಯಾರೂ ಅಲ್ಲ. ಕೂಡೋಕೆ ಸುಲಭ ಅಂತ ಕೂಡ್ತೀವಿ ಅಷ್ಟೆ. ಸೀರೆಯ ಉದ್ದಾನೂ ರೇಟನ್ನೂ ಕೂಡಿಸಿ ಯಾವ ಸೀರೆ ಒಳ್ಳೇದು ಅಂತ ಹೇಳಿದ ಹಾಗೆ.

ಕಾಯೋದ್ರಿಂದ ಆಗೋ ನಷ್ಟ ಏನು? ಎಳೆತ ನಿಂತ ಕ್ಷಣವೇ ನೀರು ದೇಹವನ್ನ ಹಿಡಿದು ನಿಧಾನ ಮಾಡುತ್ತೆ. ಮುಂದಿನ ಎಳೆತ ಮೊದಲು ಕಳೆದುಕೊಂಡ ವೇಗವನ್ನ ವಾಪಸ್ ತರ್ಬೇಕು, ಆಮೇಲೆ ಮುಂದಕ್ಕೆ. ನೀರಿನ ತಡೆ ವೇಗದ ಜೊತೆ ಸಮನಾಗಿ ಏರಲ್ಲ. ವೇಗ ಎರಡು ಪಟ್ಟಾದ್ರೆ ತಡೆ ಹತ್ತಿರ ಹತ್ತಿರ ನಾಲ್ಕು ಪಟ್ಟು. ಹಾಗಾಗಿ ಏರಿಳಿತದ ವೇಗಕ್ಕಿಂತ ಒಂದೇ ಸಮನೆಯ ವೇಗ ಅಗ್ಗ. ಸಿಲ್ಕ್ ಬೋರ್ಡ್ ಸಿಗ್ನಲ್ಲಲ್ಲಿ ಬ್ರೇಕು, ಗೇರು, ಬ್ರೇಕು, ಗೇರು ಅಂತ ಹೋದ ಬೈಕ್ ಎಷ್ಟು ಮೈಲೇಜ್ ಕೊಡುತ್ತೆ ಅಂತ ನಿಮಗೇ ಗೊತ್ತು.

3/7

ಈ ಫೋಟೋದಲ್ಲಿ ಕೊಳದ ಮೇಲೆ ಅಡ್ಡಡ್ಡ ಕಟ್ಟಿರೋ ತ್ರಿಕೋನದ ಬಾವುಟಗಳನ್ನ ನೋಡಿ. ಅಲಂಕಾರಕ್ಕಲ್ಲ ಅವು. ಬ್ಯಾಕ್‌ಸ್ಟ್ರೋಕ್ ಈಜೋರಿಗೆ ಗೋಡೆ ಹತ್ತಿರ ಬಂತು ಅಂತ ತಿಳಿಸೋಕೆ ಗೋಡೆಯಿಂದ ಸರಿಯಾಗಿ 5 ಮೀಟರ್ ದೂರದಲ್ಲಿ ಕಟ್ಟಿರ್ತಾರೆ. ನಮಗೆ ಅದು ಅಳತೆಗೋಲು.

ಯಾಕಂದ್ರೆ ಲೆಂಗ್ತ್‌ನ ಶುರುವಿನ ಭಾಗ ಈಜೇ ಅಲ್ಲ, ಗೋಡೆ ಒದ್ದ ಬಲ. ನಾನು ಸುಮ್ನೆ ಒದ್ದು ಬಾವುಟದ ಕೆಳಗೆ ಮೇಲೆ ಬಂದ್ರೆ ಉಳಿದ 20 ಮೀಟರಿಗೆ ಸ್ಟ್ರೋಕ್ ಹಾಕ್ಬೇಕು. ಜೋರಾಗಿ ಒದ್ದು, ನೀರಿನೊಳಗೆ ನಾಲ್ಕು ಡಾಲ್ಫಿನ್ ಕಿಕ್ ಹೊಡೆದು 7 ಮೀಟರಲ್ಲಿ ಮೇಲೆ ಬಂದ್ರೆ ಎರಡು ಸ್ಟ್ರೋಕ್ ಉಳೀತು, ಸ್ವಲ್ಪ ಸಮಯಾನೂ ಉಳೀತು. ಕೈಯಲ್ಲಿ ಎಳ್ಳಷ್ಟೂ ಸುಧಾರಣೆ ಇಲ್ಲ, ಸ್ಕೋರ್ ಎರಡು ಮೂರು ಅಂಕ ಇಳೀತು. ಸ್ಪರ್ಧೆಯಲ್ಲಿ ಫ್ರೀಸ್ಟೈಲಿಗೆ 15 ಮೀಟರ್ ತನಕ ನೀರಿನೊಳಗಿರೋಕೆ ನಿಯಮ ಬಿಡುತ್ತೆ. ಅದು ಬೇರೆಯದೇ ಒಂದು ಕಲೆ, ಬೇಕಾದೋರು ಕಲೀಲಿ. ಆದರೆ ಕೈಯ ಎಳೆತ ಸುಧಾರಿಸ್ತಿದೆಯಾ ಅಂತ ತಿಳ್ಕೊಳ್ಳೋಕೆ ಸ್ವಾಲ್ಫ್ ನೋಡ್ತಿದ್ರೆ ಪ್ರತಿ ಲೆಂಗ್ತಲ್ಲೂ ತಲೆ ಬಾವುಟದ ಕೆಳಗೇ ಹೊರಗೆ ಬರ್ಬೇಕು. ಇದು ನನ್ನ ನಿಯಮ.

ಇದೇ ಕಾರಣಕ್ಕೆ ಬೇರೆ ಬೇರೆ ಕೊಳದ ಸ್ಕೋರ್ ಹೋಲಿಸೋದು ವ್ಯರ್ಥ. 25 ಮೀಟರ್ ಕೊಳದಲ್ಲಿ 51 ಇದ್ರೆ 50 ಮೀಟರ್ ಕೊಳದಲ್ಲಿ 102 ಬರಲ್ಲ, ಇನ್ನೂ ಜಾಸ್ತಿ ಬರುತ್ತೆ, ಯಾಕಂದ್ರೆ ನಡುವೆ ಒದೆಯೋಕೆ ಗೋಡೆ ಇಲ್ಲ. ಅಪಾರ್ಟ್‌ಮೆಂಟಿನ ಮೂತ್ರಪಿಂಡದಾಕಾರದ ಕೊಳದ ಸ್ಕೋರ್ ಬಗ್ಗೆ ನಾನು ಮಾತಾಡಲ್ಲ.

4/7

ಈಗ ವಾಚಿನ ವಿಷಯ. ಕಳೆದ ಪೋಸ್ಟ್‌ಗೆ ಬಂದ ಮೆಸೇಜ್‌ಗಳಲ್ಲಿ ಅರ್ಧ ಇದೇ: "ನನ್ನದು 42, ನಿಮ್ಮದು ಯಾಕೆ 54? ನಾನೇನು ಅಷ್ಟು ಚೆನ್ನಾಗಿ ಈಜಲ್ಲವಲ್ಲ."

ನೀವೂ ನಾನೂ ಒಂದೇ ಈಜಿರಬಹುದು. ಎಷ್ಟೋ ವಾಚುಗಳು ತಾವಿರೋ ಕೈಯನ್ನ ಮಾತ್ರ ಎಣಿಸ್ತವೆ. ಎಡಗೈ ಒಂದು ಸುತ್ತು ಬಂದ್ರೆ ಒಂದು, ಬಲಗೈ ಲೆಕ್ಕಕ್ಕಿಲ್ಲ. ನಾನು ಎರಡೂ ಕೈ ಎಣಿಸ್ತೀನಿ. 30 ಸೆಕೆಂಡಿಗೆ 24 ಸ್ಟ್ರೋಕ್ ಅಂದ್ರೆ ನನಗೆ 54, ಅದೇ ಈಜಿಗೆ ವಾಚು 30ಕ್ಕೆ 12 ಕೂಡಿಸಿ 42 ಅನ್ನುತ್ತೆ.

ಎರಡರಲ್ಲಿ ಯಾವುದಾದ್ರೂ ಒಂದನ್ನ ಹಿಡ್ಕೊಂಡ್ರೆ ಸಾಕು ಅಂತ ಎಲ್ಲರೂ ಹೇಳ್ತಾರೆ. ನಾನು ಅಷ್ಟು ಸುಲಭವಾಗಿ ಒಪ್ಪಲ್ಲ. ಮಾರ್ಚ್ ಕೊನೇಲಿ ನಾನು ಮಾಡಿದ ಒಂದು ಏಣಿ ನೋಡಿ. ಒಂದೊಂದು ವೇಗದಲ್ಲೂ ಎರಡೆರಡು ಲೆಂಗ್ತ್, ನಡುವೆ ಅರ್ಧ ನಿಮಿಷ ವಿಶ್ರಾಂತಿ, ಪ್ರತಿ ಸಲ ಸ್ವಲ್ಪ ಜೋರು:

34 ಸೆಕೆಂಡ್, 18 ಸ್ಟ್ರೋಕ್: 52
32 ಸೆಕೆಂಡ್, 19 ಸ್ಟ್ರೋಕ್: 51
30 ಸೆಕೆಂಡ್, 23 ಸ್ಟ್ರೋಕ್: 53
28 ಸೆಕೆಂಡ್, 25 ಸ್ಟ್ರೋಕ್: 53
26 ಸೆಕೆಂಡ್, 28 ಸ್ಟ್ರೋಕ್: 54

ಇದನ್ನ ನೋಡಿದ್ರೆ ನನಗೆ ಅತ್ಯುತ್ತಮ ವೇಗ 32 ಸೆಕೆಂಡ್, ಅಲ್ವಾ? ಈಗ ವಾಚಿನ ಥರ ಒಂದೇ ಕೈ ಎಣಿಸಿ, ಸ್ಟ್ರೋಕ್ ಅರ್ಧ ಮಾಡಿ ಕೂಡಿಸಿ. ಮೇಲಿಂದ ಕೆಳಕ್ಕೆ 43, 41.5, 41.5, 40.5, 40. ಈಗ ಅತ್ಯುತ್ತಮ ವೇಗ 26 ಸೆಕೆಂಡ್ ಆಗೋಯ್ತು! ಅದೇ ಕೊಳ, ಅದೇ ಬೆಳಿಗ್ಗೆ, ಅದೇ ನಾನು. 26 ಸೆಕೆಂಡಿನ ಎರಡು ಲೆಂಗ್ತ್ ಮುಗಿಸಿ ಗೋಡೆಗೆ ಹಣೆ ಒತ್ತಿ ನಿಂತಿದ್ದೆ ನಾನು, ಮಾತಾಡೋಕೂ ಆಗ್ತಿರಲಿಲ್ಲ. ಅದನ್ನ ಮಿತವ್ಯಯದ ಈಜು ಅಂತ ಯಾರೂ ಕರೆಯಲ್ಲ.

ಹಾಗಾಗಿ "ಸ್ಕೋರ್ ಎಲ್ಲಿ ಅತಿ ಕಮ್ಮಿಯೋ ಅದೇ ನಿಮ್ಮ ವೇಗ" ಅನ್ನೋ ಸಲಹೇನ ನಾನು ನಂಬೋದು ಬಿಟ್ಟೆ. ಆ ಕಮ್ಮಿ ಸಂಖ್ಯೆ ಎಲ್ಲಿ ಬೀಳುತ್ತೆ ಅನ್ನೋದು ನೀವು ಒಂದು ಕೈ ಎಣಿಸಿದ್ರೋ ಎರಡು ಕೈ ಎಣಿಸಿದ್ರೋ ಅನ್ನೋದ್ರ ಮೇಲೆ ನಿಂತಿದೆ.

5/7

ಹಾಗಾದ್ರೆ ಏಣಿಯಿಂದ ಏನೂ ಸಿಗಲ್ವಾ? ಸಿಗುತ್ತೆ. ಮೊತ್ತ ಬಿಡಿ, ಸ್ಟ್ರೋಕಿನ ಸಾಲು ಮಾತ್ರ ಓದಿ: 18, 19, 23, 25, 28. ಎರಡು ಸೆಕೆಂಡ್ ಜೋರು ಮಾಡೋಕೆ ಎಷ್ಟು ಸ್ಟ್ರೋಕ್ ಖರ್ಚಾಯ್ತು? ಒಂದು, ನಾಲ್ಕು, ಎರಡು, ಮೂರು.

ಆ ನಾಲ್ಕು ಇದೆಯಲ್ಲ, ಅಲ್ಲಿದೆ ರೋಗ. 32ರಿಂದ 30ಕ್ಕೆ ಬರೋವಾಗ ನನ್ನ ಈಜಲ್ಲಿ ಏನೋ ಮುರೀತಿದೆ. ಒಂದು ಕೈ ಎಣಿಸಿದ್ರೂ ಎರಡು ಕೈ ಎಣಿಸಿದ್ರೂ ಈ ನೆಗೆತ ಅಲ್ಲೇ ಇರುತ್ತೆ, ಜಾಗ ಬದಲಾಯಿಸಲ್ಲ.

ತಂಗಿ ಕೈಗೆ ಫೋನ್ ಕೊಟ್ಟು ದಡದಿಂದ ವಿಡಿಯೋ ತೆಗೆಸಿದೆ, 32ರಲ್ಲಿ ಒಂದು, 30ರಲ್ಲಿ ಒಂದು. ನಾನು ಉಸಿರು ತಗೊಳ್ಳೋದು ಬಲಗಡೆ. ನಿಧಾನಕ್ಕೆ ಹೋಗುವಾಗ ಎಡಗೈ ಮುಂದೆ ಚಾಚಿ ಸುಮ್ನೆ ಇರ್ತಿತ್ತು. ಅವಸರ ಬಂದ ತಕ್ಷಣ ತಲೆ ಪೂರ್ತಿ ಮೇಲೆತ್ತುತ್ತಿದ್ದೆ. ತಲೆ ಎತ್ತೋಕೆ ಆಧಾರ ಬೇಕಲ್ಲ, ಎಡಗೈ ನೀರನ್ನ ಕೆಳಕ್ಕೆ ಒತ್ತುತ್ತಿತ್ತು, ಮೊಣಕೈ ಕುಸೀತಿತ್ತು. ನೀರನ್ನ ಕೆಳಕ್ಕೆ ಒತ್ತಿದ್ರೆ ದೇಹ ಮೇಲೆ ಹೋಗುತ್ತೆ, ಮುಂದೆ ಹೋಗಲ್ಲ. ಅಂದ್ರೆ ಉಸಿರು ತಗೊಂಡ ಪ್ರತಿ ಸಲ ಎಡಗೈಯ ಸ್ಟ್ರೋಕ್ ಅರ್ಧಕ್ಕರ್ಧ ದಂಡ. ಕಳೆದ ಮೂರು ತಿಂಗಳು ನಾನು ಮಾಡಿದ್ದು ಈ ದೋಷ ತಿದ್ದೋದಲ್ಲ, ಅದು ಕಾಣಿಸದಷ್ಟು ನಿಧಾನಕ್ಕೆ ಈಜೋದು!

ತಿದ್ದೋಕೆ ಎರಡೇ ಕೆಲಸ ಮಾಡಿದೆ. ಉಸಿರು ತಗೊಳ್ಳುವಾಗ ಗಾಗಲ್‌ನ ಒಂದು ಗಾಜು ನೀರೊಳಗೇ ಇರ್ಬೇಕು, ಇದು ಒಂದು. ಇನ್ನೊಂದು ಮುಷ್ಟಿ ಈಜು: ಒಂದು ಲೆಂಗ್ತ್ ಬೆರಳು ಮಡಚಿ, ಮುಂದಿನದ್ದು ಅಂಗೈ ಬಿಚ್ಚಿ, ಎರಡೂ ಒಂದೇ ವೇಗಕ್ಕೆ. ಮುಷ್ಟಿಯಲ್ಲಿ ಅಂಗೈ ಇಲ್ಲ, ಮುಂದೋಳಲ್ಲೇ ನೀರು ಹಿಡೀಬೇಕು. ಮೊಣಕೈ ಕುಸಿದ್ರೆ ಹಿಡಿಯೋಕೆ ಏನೂ ಉಳಿಯಲ್ಲ, ಸ್ಟ್ರೋಕ್ ಎಣಿಕೆ ತಕ್ಷಣ ಚಾಡಿ ಹೇಳುತ್ತೆ. ಮೊದಲ ದಿನ ಬಿಚ್ಚಿದ ಕೈಗೆ 23, ಮುಷ್ಟಿಗೆ 31. ಐದನೇ ವಾರಕ್ಕೆ ಮುಷ್ಟಿ 26ಕ್ಕೆ ಬಂತು. ಅಂತರ ಎಷ್ಟು ಕಿರಿದಾಗುತ್ತೋ ಮುಂದೋಳು ಅಷ್ಟು ಕೆಲಸ ಮಾಡ್ತಿದೆ ಅಂತ ಅರ್ಥ.

6/7

ಇದು ಅಭ್ಯಾಸದ ಪಟ್ಟಿ. ಕೇಳ್ತಿದ್ರಲ್ಲ, ತಗೊಳ್ಳಿ.

ವಾರಕ್ಕೆ ಎರಡು ದಿನ, 50 ಮೀಟರ್ ಎಂಟು ಸಲ, ನಡುವೆ 20 ಸೆಕೆಂಡ್ ವಿಶ್ರಾಂತಿ. ಸಮಯವನ್ನ ಮೊಳೆ ಹೊಡೆದ ಹಾಗೆ ನಿಲ್ಲಿಸಿಬಿಡಿ. ನನಗೆ 50ಕ್ಕೆ 60 ಸೆಕೆಂಡ್, ಅಂದ್ರೆ ಲೆಂಗ್ತಿಗೆ 30. ಆಮೇಲೆ ಸ್ಟ್ರೋಕಿಗೆ ಒಂದು ಗಡಿ, ನನಗೆ 22. ಸಮಯ 62 ದಾಟಿದ್ರೆ ಅಥವಾ ಸ್ಟ್ರೋಕ್ 22 ದಾಟಿದ್ರೆ ಸೆಟ್ ಅಲ್ಲಿಗೇ ಬಂದ್. ಉಳಿದದ್ದು ಆರಾಮಾಗಿ ಈಜಿ ಮನೆಗೆ ಹೋಗೋದು. ಕೆಟ್ಟ ಸ್ಟ್ರೋಕನ್ನ ಇನ್ನೂರು ಸಲ ಅಭ್ಯಾಸ ಮಾಡಿ ಗಟ್ಟಿ ಮಾಡ್ಕೊಳ್ಳೋದು ಬೇಡ.

ಮೊದಲ ವಾರ ಐದನೆಯದಕ್ಕೇ ಬಂದ್ ಆಯ್ತು. ಮೂರನೇ ವಾರ ಎಂಟೂ ಮುಗೀತು. ಆಮೇಲೆ ಗಡಿ 21 ಮಾಡಿದೆ. 23ರಿಂದ 21 ಅಂದ್ರೆ ಏನು ಮಹಾ ಅನ್ನಿಸಬಹುದು. ಬಾವುಟದಿಂದಾಚೆಯ 20 ಮೀಟರನ್ನ ಭಾಗಿಸಿ ನೋಡಿ, ಒಂದು ಸ್ಟ್ರೋಕಿಗೆ 87 ಸೆಂಟಿಮೀಟರ್ ಇದ್ದದ್ದು 95 ಆಯ್ತು. ಸಮಯ ಅಷ್ಟೇ ಇರೋವಾಗ ಸಿಕ್ಕ ಈ ಎಂಟು ಸೆಂಟಿಮೀಟರ್ ಕಾಯ್ದು ಗಳಿಸಿದ್ದಲ್ಲ.

ಒಂದು ಕಡೆ ಮಾತ್ರ ಎಚ್ಚರ. ಸಮಯ, ಸ್ಟ್ರೋಕ್ ಎರಡೂ ಸರಿ ಇದ್ದು ಕಾಲಲ್ಲಿ ಸಿಕ್ಕಾಪಟ್ಟೆ ಒದ್ದು ಆ ಸಂಖ್ಯೆ ತಂದಿರಬಹುದು. ಸ್ವಾಲ್ಫ್‌ಗೆ ಕಾಲು ಕಾಣಲ್ಲ. ಗೋಡೆ ಮುಟ್ಟಿದ ತಕ್ಷಣ ಕುತ್ತಿಗೆಗೆ ಎರಡು ಬೆರಳಿಟ್ಟು 10 ಸೆಕೆಂಡ್ ನಾಡಿ ಎಣಿಸಿ. ನನಗೆ ಏಪ್ರಿಲ್ ಶುರುವಲ್ಲಿ 26 ಬರ್ತಿತ್ತು, ಈಗ ಅದೇ ಸೆಟ್ಟಿಗೆ 24. ಇದು 26ರಿಂದ 28ಕ್ಕೆ ಹೋಗಿದ್ರೆ 21 ಸ್ಟ್ರೋಕನ್ನ ನಾನು ಸುಧಾರಣೆ ಅಂತ ಬರ್ಕೊಳ್ತಿರಲಿಲ್ಲ.

ಇನ್ನು ಉದ್ದ ಈಜಲ್ಲಿ ಸ್ಕೋರ್ ಕೆಡೋದನ್ನ ಓದೋದು. ಇಲ್ಲೂ ಮೊತ್ತ ನೋಡ್ಬೇಡಿ, ಎರಡು ಸಂಖ್ಯೆಯಲ್ಲಿ ಯಾವುದು ಜಾರ್ತು ನೋಡಿ. ಡಿಸೆಂಬರಿನ 400ರಲ್ಲಿ ನನ್ನ ಮೂರನೇ ಲೆಂಗ್ತ್ 30 ಸೆಕೆಂಡ್, 23 ಸ್ಟ್ರೋಕ್. ಹದಿನಾಲ್ಕನೆಯದು 32 ಸೆಕೆಂಡ್, 27 ಸ್ಟ್ರೋಕ್. ಕೈ ಜಾಸ್ತಿ ಬೀಸಿದ್ರೂ ನಿಧಾನ, ಅಂದ್ರೆ ನೀರು ಕೈಯಿಂದ ಜಾರ್ತಿದೆ. ಮಾರ್ಚಲ್ಲಿ ಮೂರನೆಯದು 31 ಸೆಕೆಂಡ್, 19 ಸ್ಟ್ರೋಕ್, ಹದಿನಾಲ್ಕನೆಯದು 33 ಸೆಕೆಂಡ್, ಅದೇ 19. ಹಿಡಿತ ಹಾಗೇ ಇದೆ, ಕಾಯೋದು ಜಾಸ್ತಿ ಆಗ್ತಾ ಹೋಗಿದೆ. ಮೊದಲನೆಯದಕ್ಕೆ ಮದ್ದು ಮೊಣಕೈ. ಎರಡನೆಯದಕ್ಕೆ ಮದ್ದು ಕೈಯ ಲಯ: ಮುಂದಿನ ಕೈ ನೀರಿಗೆ ಇಳಿಯೋ ಹೊತ್ತಿಗೆ ಚಾಚಿದ ಕೈ ಆಗಲೇ ಎಳೆಯೋಕೆ ಶುರು ಮಾಡಿರ್ಬೇಕು. 59, 52 ಅಂತ ಮೊತ್ತ ಮಾತ್ರ ಬರ್ಕೊಂಡಿದ್ರೆ ಈ ಎರಡು ಕಾಯಿಲೆ ಬೇರೆ ಬೇರೆ ಅಂತಾನೇ ಗೊತ್ತಾಗ್ತಿರಲಿಲ್ಲ.

7/7

ಮೇ ಕೊನೇ ಭಾನುವಾರ 400 ಮೀಟರ್: 8 ನಿಮಿಷ 9 ಸೆಕೆಂಡ್. ಮಾರ್ಚಿಗಿಂತ 22 ಸೆಕೆಂಡ್ ಕಮ್ಮಿ. ಕೊನೇ ನಾಲ್ಕು ಲೆಂಗ್ತಲ್ಲಿ ಮಾತ್ರ ಸ್ಟ್ರೋಕ್ 22 ಆಯ್ತು, ಉಳಿದದ್ದು 21.

ಮಾರನೇ ದಿನ ಆರಾಮಾಗಿ ಒಂದು ಲೆಂಗ್ತ್ ತೆಗೆದೆ. 30 ಸೆಕೆಂಡ್, 21 ಸ್ಟ್ರೋಕ್. ಕೂಡಿಸಿ ನೋಡಿ: 51.

ಮಾರ್ಚಲ್ಲಿ ಎಷ್ಟಿತ್ತು? 32ಕ್ಕೆ 19, ಅದೂ 51. ಒಂದು 51 ನೂರು ಮೀಟರಿಗೆ 2 ನಿಮಿಷ 8 ಸೆಕೆಂಡಿನ ಈಜು, ಇನ್ನೊಂದು 51 ಸರಿಯಾಗಿ 2 ನಿಮಿಷದ್ದು. ಎರಡು ತಿಂಗಳು ಬೆಳಿಗ್ಗೆ ಐದೂವರೆಗೆ ಎದ್ದು ಮಾಡಿದ ಕೆಲಸ ಮೊತ್ತದಲ್ಲಿ ಕಾಣಿಸೋದೇ ಇಲ್ಲ.

ಅದಕ್ಕೆ ನನ್ನ ನೋಟ್‌ಬುಕ್ಕಲ್ಲಿ ಸ್ವಾಲ್ಫ್ ಕಾಲಂ ಹೊಡೆದು ಹಾಕಿದೀನಿ, ಫೋಟೋದಲ್ಲಿ ಕೆಂಪು ಗೆರೆ ಕಾಣುತ್ತೆ. ಅದರ ಜಾಗಕ್ಕೆ ಮೂರು ಕಾಲಂ: ಸೆಕೆಂಡ್, ಸ್ಟ್ರೋಕ್, ನಾಡಿ. ಆ ಪದ ನನಗೆ ಎರಡು ಸಂಖ್ಯೆಯನ್ನ ಒಟ್ಟಿಗೆ ನೋಡೋದನ್ನ ಕಲಿಸ್ತು, ಅದಕ್ಕೆ ಋಣಿ. ಕೂಡಿಸೋದು ಮಾತ್ರ ಬಿಟ್ಟೆ.

ಕಳೆದ ವಾರ ಹೊಸ ಏಣಿ ಹತ್ತಿದೆ. 34ಕ್ಕೆ 18, 32ಕ್ಕೆ 19, 30ಕ್ಕೆ 21, 28ಕ್ಕೆ 25. ನೆಗೆತ ಹೋಗಿಲ್ಲ, ಒಂದು ಮೆಟ್ಟಿಲು ಆಚೆ ಸರಿದಿದೆ, 30ರಿಂದ 28ಕ್ಕೆ. ಈ ಸಲ ವಿಡಿಯೋದಲ್ಲಿ ಎಡಗೈ ಸರಿ ಇದೆ. ಬಲಗೈ ನೀರಿಗೆ ಇಳಿಯೋವಾಗ ನಡುಗೆರೆ ದಾಟಿ ಎಡಕ್ಕೆ ಹೋಗ್ತಿದೆ, ಸೊಂಟ ಹಾವಿನ ಥರ ಆಡ್ತಿದೆ. ಅಂಕಲ್‌ಗೆ ತೋರಿಸಿದೆ. ಕನ್ನಡಕ ಹಾಕ್ಕೊಂಡು ಎರಡು ಸಲ ನೋಡಿ, "ಹೂಂ, ಈಗ ಈಜ್ತಿದ್ದೀಯ. ಓರೆಯಾಗಿ ಈಜ್ತಿದ್ದೀಯ" ಅಂದ್ರು.

ನಿಮ್ಮ ಏಣಿಯ ಸ್ಟ್ರೋಕ್ ಸಾಲು ಕಾಮೆಂಟಲ್ಲಿ ಹಾಕಿ. ಕೊಳದ ಉದ್ದ, ಒಂದು ಕೈಯೋ ಎರಡು ಕೈಯೋ ಅನ್ನೋದೂ ಬರೀರಿ. ಮೊತ್ತ ಬೇಡ.

#ಈಜು #ಈಜುಕೊಳದನೋಟ್‌ಬುಕ್ #ಸ್ವಾಲ್ಫ್